ಕ್ರೀಮ್ ಹಚ್ಚಿದರೂ ಕಜ್ಜಿ ತಿರುಗಿ ಬರುತ್ತಿದೆಯಾ? ಎಲ್ಲಿ ತಪ್ಪುತ್ತಿದೆ ನೋಡೋಣ

ತುರಿಕಜ್ಜಿಗೆ ಒಳ್ಳೆಯ ಔಷಧ ಇದೆ. ಆದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ತಿಂಗಳುಗಟ್ಟಲೆ ಹೋಗುವುದೇ ಇಲ್ಲ. ಟ್ಯೂಬ್ ತರುತ್ತಾರೆ, ಕೆರೆತ ಇರುವವರು ಕೆರೆತ ಇರುವ ಜಾಗಕ್ಕೆ ಹಚ್ಚಿಕೊಳ್ಳುತ್ತಾರೆ, ಒಂದು ವಾರ ಹಗುರ ಅನಿಸುತ್ತದೆ, ಮತ್ತೆ ಶುರು. ಆಮೇಲೆ "ಈ ಔಷಧ ಸರಿ ಇಲ್ಲ" ಅಂತ ಬೇರೆ ಟ್ಯೂಬ್. ಹೆಚ್ಚಿನ ಸಲ ತಪ್ಪು ಔಷಧದಲ್ಲಿ ಇರುವುದಿಲ್ಲ, ಯಾರು ಹಚ್ಚಿಕೊಂಡರು, ಎಷ್ಟು ಹಚ್ಚಿಕೊಂಡರು, ಯಾವತ್ತು ಹಚ್ಚಿಕೊಂಡರು ಅನ್ನುವುದರಲ್ಲಿ ಇರುತ್ತದೆ. ಅದನ್ನು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಒಂದೊಂದಾಗಿ ಹುಡುಕೋಣ.

ಸುಲಭವಾಗಲಿ ಅಂತ ಒಂದು ಮನೆಯ ಉದಾಹರಣೆ ಇಟ್ಟುಕೊಳ್ಳುತ್ತೇನೆ. ಜೇವರ್ಗಿ ಕಡೆಯ ಹಳ್ಳಿ ಅಂದುಕೊಳ್ಳಿ. ಮುತ್ಯಾ, ಆಯಿ, ಮಗ, ಸೊಸೆ, ಹೈದರಾಬಾದಿನಲ್ಲಿ ಕೆಲಸ ಮಾಡುವ ಕಾಕಾ, ಹಾಸ್ಟೆಲ್‌ನಲ್ಲಿ ಓದುವ 10 ವರ್ಷದ ಹುಡುಗ, 8 ತಿಂಗಳ ಕೂಸು. ಒಟ್ಟು ಏಳು ಜನ. ಹುಡುಗ ರಜೆಗೆ ಬಂದಾಗ ಕೈಬೆರಳ ಸಂದಿಯಲ್ಲಿ ಗುಳ್ಳೆ ಇದ್ದವು. ಅವನು ಮಲಗುವುದು ಮುತ್ಯಾನ ಜೊತೆ, ಒಂದೇ ಕೌದಿಯಲ್ಲಿ.

"ಹಗಲು ಪರವಾಗಿಲ್ಲ, ರಾತ್ರಿ ಮಲಗಿದರೆ ಕೆರೆತ ತಡೆಯೋಕೆ ಆಗಲ್ಲ"

ಮೊದಲು ಇದು ಕಜ್ಜಿಯೇ ಹೌದಾ ಅಂತ ನೋಡಿ. ಇದಕ್ಕೆ ಬೇಕಾಗಿರುವುದು ಒಳ್ಳೆಯ ಬೆಳಕು ಮಾತ್ರ.

ಬೆರಳ ಸಂದಿ, ಮಣಿಕಟ್ಟು, ಮೊಣಕೈ, ಬಗಲು, ಹೊಕ್ಕಳ ಸುತ್ತ, ಸೊಂಟ, ಕುಂಡಿ, ತೊಡೆ ಸಂದಿ ನೋಡಿ. ಗಂಡಸರಲ್ಲಿ ಗುಪ್ತಾಂಗದ ಮೇಲೆ, ಹೆಂಗಸರಲ್ಲಿ ಮೊಲೆತೊಟ್ಟಿನ ಸುತ್ತ ಗುಳ್ಳೆ ಇರಬಹುದು. ಕೂಸುಗಳಲ್ಲಿ ಅಂಗೈ, ಅಂಗಾಲು, ತಲೆಯಲ್ಲೂ ಬರುತ್ತದೆ. ಸಣ್ಣ ಗುಳ್ಳೆಗಳ ನಡುವೆ ದಾರದ ಎಳೆಯಂಥ ಬೂದು ಬಣ್ಣದ ಗೆರೆ ಕಂಡರೆ ಅದೇ ಕಜ್ಜಿ ತರುವ ಹುಳದ ಬಿಲ. ಹೆಣ್ಣು ಹುಳ ಚರ್ಮದ ಮೇಲ್ಪದರದಲ್ಲಿ ಕೊರೆದುಕೊಂಡು ಹೋಗಿ ಅಲ್ಲೇ ಮೊಟ್ಟೆ ಇಡುತ್ತದೆ.

ಗೆರೆ ಸರಿಯಾಗಿ ಕಾಣದಿದ್ದರೆ ಆ ಜಾಗಕ್ಕೆ ಮಕ್ಕಳ ಸ್ಕೆಚ್ ಪೆನ್ನಿನ ಬಣ್ಣ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಬಿಲ ಇದ್ದರೆ ಬಣ್ಣ ಅದರೊಳಗೆ ಇಳಿದು ಸಣ್ಣ ಗೆರೆಯಾಗಿ ಉಳಿಯುತ್ತದೆ. ಉಳಿಯಲಿಲ್ಲ ಅಂದ ಮಾತ್ರಕ್ಕೆ ಕಜ್ಜಿ ಅಲ್ಲ ಅನ್ನುವ ಹಾಗಿಲ್ಲ, ಏಕೆಂದರೆ ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವುದು ಹತ್ತು ಹದಿನೈದು ಹುಳ ಅಷ್ಟೆ.

ಗುಂಡಗೆ ಉಂಗುರದ ಹಾಗೆ ಹರಡಿ ಅಂಚು ಕೆಂಪಗಿದ್ದರೆ ಅದು ಹುಳಕಡ್ಡಿ, ಅದರ ಔಷಧವೇ ಬೇರೆ. ಬೇಸಿಗೆಯಲ್ಲಿ ಬೆನ್ನು, ಕುತ್ತಿಗೆಗೆ ಬರುವ ಬೆವರುಗುಳ್ಳೆ ತಂಪಾದ ಕಡೆ ಕೂತರೆ ಇಳಿಯುತ್ತದೆ. ತಿಗಣೆ ಕಚ್ಚಿದ್ದು ಬಟ್ಟೆ ಮುಚ್ಚದ ಜಾಗದಲ್ಲಿ ಜಾಸ್ತಿ ಇರುತ್ತದೆ. ರಾತ್ರಿ ಕೆರೆತ, ಮೇಲೆ ಹೇಳಿದ ಜಾಗಗಳು, ಜೊತೆಗೆ ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಕೆರೆತ. ಈ ಮೂರೂ ಕೂಡಿದರೆ ಕಜ್ಜಿ ಅಂತಲೇ ತಿಳಿದು ಡಾಕ್ಟರಿಗೆ ಒಮ್ಮೆ ತೋರಿಸಿ ಖಚಿತ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಡಾಕ್ಟರಿಗೆ ತೋರಿಸದೆ ಮೆಡಿಕಲ್‌ನಲ್ಲಿ "ಕೆರೆತಕ್ಕೆ ಏನಾದರೂ ಕೊಡ್ರಿ" ಅಂತ ಕೇಳಿದರೆ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಕೈಗೆ ಬರುತ್ತದೆ. ಎರಡೇ ದಿನಕ್ಕೆ ಕೆರೆತ ಇಳಿಯುತ್ತದೆ, ಕೆಂಪು ಹೋಗುತ್ತದೆ. ಆದರೆ ಹುಳ ಸಾಯುವುದಿಲ್ಲ. ಆಮೇಲೆ ಗುಳ್ಳೆ ಗುರುತು ಸಿಗದ ಹಾಗೆ ಹರಡುತ್ತದೆ. ಅಂಥ ಕ್ರೀಮ್ ಈಗಾಗಲೇ ಹಚ್ಚುತ್ತಿದ್ದರೆ ಆ ಟ್ಯೂಬ್ ಜೊತೆಗೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

"ಒಬ್ಬರಿಗಷ್ಟೇ ಕೆರೆತ, ಉಳಿದವರಿಗೆ ಏನೂ ಇಲ್ಲ"

ನಮ್ಮ ಉದಾಹರಣೆಯ ಮನೆ ತಪ್ಪಿದ್ದು ಇಲ್ಲೇ. ಹುಡುಗನಿಗೆ ಹಚ್ಚಿದರು, ಕೆರೆತ ಶುರುವಾಗಿದ್ದ ಅವ್ವನೂ ಹಚ್ಚಿಕೊಂಡಳು. ಸೊಸೆ ಹೇಳಿದಳು, "ಮಾವಾರ, ನೀವೂ ಹಚ್ಕೋರಿ." ಮುತ್ಯಾ ಒಪ್ಪಲಿಲ್ಲ: "ನನಗೇನ್ ಕೆರೆತ ಇಲ್ಲವ್ವ, ನನಗ್ಯಾಕ?"

ಕೆರೆತ ಅನ್ನುವುದು ಹುಳ ಕಚ್ಚಿದ ನೋವಲ್ಲ. ಹುಳ, ಅದರ ಮೊಟ್ಟೆ, ಅದರ ಹೊಲಸಿಗೆ ನಮ್ಮ ಮೈ ತೋರಿಸುವ ಅಲರ್ಜಿ ಅದು. ಮೊದಲ ಸಲ ಅಂಟಿದವರಲ್ಲಿ ಈ ಅಲರ್ಜಿ ಹುಟ್ಟಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಮೈಮೇಲೆ ಹುಳ ಇರುತ್ತದೆ, ಬೇರೆಯವರಿಗೆ ದಾಟುತ್ತಲೂ ಇರುತ್ತದೆ, ಆದರೆ ಒಂದು ಗುಳ್ಳೆಯೂ ಕಾಣುವುದಿಲ್ಲ. ಹಿಂದೆ ಒಮ್ಮೆ ಬಂದು ಹೋದವರಿಗೆ ಮಾತ್ರ ಎರಡನೇ ಸಲ ಅಂಟಿದರೆ ಒಂದರಿಂದ ನಾಲ್ಕು ದಿನದಲ್ಲೇ ಕೆರೆತ ಶುರುವಾಗುತ್ತದೆ.

ಹಾಗಾಗಿ ಮುತ್ಯಾ ಸುಳ್ಳು ಹೇಳಲಿಲ್ಲ, ಅವರಿಗೆ ಕೆರೆತ ಇರಲೇ ಇಲ್ಲ. ಆದರೆ ಮೊಮ್ಮಗ ಕ್ರೀಮ್ ತೊಳೆದುಕೊಂಡು ಮತ್ತೆ ಅವರ ಪಕ್ಕದಲ್ಲೇ ಮಲಗಿದ, ಹುಳ ಅವರಿಂದ ಅವನಿಗೆ ವಾಪಸ್ ಬಂತು.

ಇದಕ್ಕೆ ಪರಿಹಾರ ಒಂದೇ. ಒಂದೇ ಸೂರಿನಡಿ ಮಲಗುವವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಕೆರೆತ ಇರಲಿ ಇಲ್ಲದಿರಲಿ. ರಜೆಗೆ ಬಂದು ನಾಲ್ಕು ದಿನ ಇದ್ದು ಹೋದ ಕಾಕಾನೂ ಲೆಕ್ಕಕ್ಕೆ ಸೇರಬೇಕು. ಅವರಿಗೆ ಫೋನ್ ಮಾಡಿ, ಅಲ್ಲೇ ಟ್ಯೂಬ್ ತೆಗೆದುಕೊಂಡು ಅದೇ ರಾತ್ರಿ ಹಚ್ಚಿಕೊಳ್ಳಲಿ. ಹೇಳಲು ನಾಚಿಕೆ ಬೇಡ. ದಿನಾ ಎರಡು ಸಲ ಸ್ನಾನ ಮಾಡುವವರಿಗೂ ಕಜ್ಜಿ ಬರುತ್ತದೆ, ಇದು ಹೊಲಸಿನಿಂದ ಬರುವ ರೋಗ ಅಲ್ಲ, ಮೈಗೆ ಮೈ ತಾಗಿ ಬರುವುದು.

"ಎಲ್ಲರೂ ಹಚ್ಚಿಕೊಂಡೆವು, ಎರಡು ಮೂರು ವಾರಕ್ಕೆ ಹೊಸ ಗುಳ್ಳೆ ಬಂದವು"

ಈಗ ಹಚ್ಚಿದ ರೀತಿ ನೋಡಬೇಕು. ಮೊದಲು ಟ್ಯೂಬ್ ತಿರುಗಿಸಿ ಓದಿ. ಪರ್ಮೆಥ್ರಿನ್ 5% ಅಂತ ಇರಬೇಕು. 1% ಇದ್ದರೆ ಅದು ತಲೆಹೇನಿನ ಔಷಧ, ಕಜ್ಜಿಗೆ ಸಾಲುವುದಿಲ್ಲ.

ಎರಡನೆಯದು ಎಷ್ಟು ಹಚ್ಚಿದಿರಿ ಅನ್ನುವುದು. ದೊಡ್ಡವರೊಬ್ಬರ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. 6ರಿಂದ 12 ವರ್ಷದವರಿಗೆ ಅದರ ಅರ್ಧ, 1ರಿಂದ 5 ವರ್ಷದವರಿಗೆ ಕಾಲು ಭಾಗ, 2 ತಿಂಗಳಿನಿಂದ ಒಂದು ವರ್ಷದ ಕೂಸಿಗೆ ಎಂಟನೇ ಒಂದು ಭಾಗ. ನಮ್ಮ ಮನೆಯ ಲೆಕ್ಕ ಹಾಕಿ: ಐದು ಜನ ದೊಡ್ಡವರಿಗೆ 150 ಗ್ರಾಂ, ಹುಡುಗನಿಗೆ 15, ಕೂಸಿಗೆ 4ರಷ್ಟು. ಅಂದರೆ 30 ಗ್ರಾಂನ ಆರು ಟ್ಯೂಬ್, ಎರಡು ಸಲಕ್ಕೆ ಹನ್ನೆರಡು. ಅವರು ತಂದಿದ್ದು ಎರಡು! ಖರ್ಚು ಜಾಸ್ತಿ ಅನಿಸುವುದು ನಿಜ. ಅದಕ್ಕೇ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಮನೆಯಲ್ಲಿ ಎಷ್ಟು ಜನ ಅಂತ ವಯಸ್ಸಿನ ಸಮೇತ ಹೇಳಿ. ಪೂರ್ತಿ ಸಿಗದಿದ್ದರೆ ಎಲ್ಲರಿಗೂ ಸಾಕಾಗುವಷ್ಟು ಕೂಡುವವರೆಗೆ ಒಂದೆರಡು ದಿನ ಕಾಯುವುದೇ ಮೇಲು. ಇವತ್ತು ಇಬ್ಬರು, ಮುಂದಿನ ವಾರ ಇಬ್ಬರು ಅಂತ ಹಚ್ಚಿದರೆ ದುಡ್ಡು ಪೂರಾ ನೀರಿಗೆ ಹಾಕಿದ ಹಾಗೆ.

ಮೂರನೆಯದು ಎಲ್ಲಿ ಹಚ್ಚಿದಿರಿ ಅನ್ನುವುದು. ಗುಳ್ಳೆ ಇರುವ ಜಾಗಕ್ಕಷ್ಟೇ ಅಲ್ಲ, ಗದ್ದದ ಕೆಳಗಿನಿಂದ ಅಂಗಾಲಿನವರೆಗೆ ಇಡೀ ಮೈಗೆ. ಕೂಸುಗಳಿಗೆ ಮತ್ತು ವಯಸ್ಸಾದವರಿಗೆ ತಲೆ, ಹಣೆ, ಕಿವಿ ಹಿಂದೆಯೂ ಹಚ್ಚಬೇಕು, ಕಣ್ಣು ಬಾಯಿ ಸುತ್ತ ಬಿಟ್ಟು. ಬಿಟ್ಟುಹೋಗುವ ಜಾಗಗಳು ಹೆಚ್ಚಾಗಿ ಇವೇ: ಉಗುರಿನ ಕೆಳಗೆ, ಹೊಕ್ಕಳ ಒಳಗೆ, ಕುಂಡಿ ಸಂದಿ, ಗುಪ್ತಾಂಗ, ಕಾಲ್ಬೆರಳ ಸಂದಿ, ಕೈಗೆ ಎಟುಕದ ನಡುಬೆನ್ನು. ಉಗುರು ಮೊದಲೇ ಕತ್ತರಿಸಿಕೊಳ್ಳಿ. ಉಡದಾರ, ಶಿವದಾರ, ತಾಯಿತ, ಬಳೆ, ಉಂಗುರ, ಕಾಲುಂಗುರ ಇವುಗಳ ಕೆಳಗೆ ಯಾರೂ ಹಚ್ಚುವುದಿಲ್ಲ. ತೆಗೆಯಬಹುದಾದ್ದನ್ನು ತೆಗೆಯಿರಿ, ತೆಗೆಯಲು ಮನಸ್ಸಿಲ್ಲದಿದ್ದರೆ ಸರಿಸಿ ಅದರ ಕೆಳಗೆ ಹಚ್ಚಿ. ಹಳೆ ಉಡದಾರ ತೆಗೆದು ಮರುದಿನ ಹೊಸದು ಕಟ್ಟಿದರೆ ಇನ್ನೂ ಒಳ್ಳೆಯದು.

ಸ್ನಾನ ಮಾಡಿದ ಕೂಡಲೇ ಬಿಸಿ ಮೈಗೆ ಹಚ್ಚಬೇಡಿ. ಮೈ ಪೂರ್ತಿ ಒಣಗಿ ತಂಪಾಗಲಿ. ರಾತ್ರಿ 9ಕ್ಕೆ ಹಚ್ಚಿ ಬೆಳಗ್ಗೆ 7ಕ್ಕೆ ತೊಳೆದರೆ 10 ಗಂಟೆ ಆಯಿತು. 8ರಿಂದ 14 ಗಂಟೆ ಮೈಮೇಲೆ ಇರಬೇಕು. ಇಲ್ಲಿ ಒಂದು ಸಣ್ಣ ವಿಷಯ ಎಲ್ಲಾ ಕೆಡಿಸುತ್ತದೆ: ಕೈ ತೊಳೆಯುವುದು. ಸೊಸೆ ಹಚ್ಚಿಕೊಂಡ ಮೇಲೆ ಪಾತ್ರೆ ತೊಳೆದಳು, ರಾತ್ರಿ ಕೂಸಿನ ಬಟ್ಟೆ ಬದಲಿಸಿ ಕೈ ತೊಳೆದಳು. ಹುಳ ಜಾಸ್ತಿ ಇರುವ ಬೆರಳ ಸಂದಿಯಲ್ಲಿ ಔಷಧವೇ ಉಳಿಯಲಿಲ್ಲ. ಕೈ ತೊಳೆದಾಗೆಲ್ಲ ಕೈಗೆ ಮತ್ತೆ ಹಚ್ಚಿಕೊಳ್ಳಬೇಕು. ಹಚ್ಚುವುದಕ್ಕೆ ಮೊದಲೇ ಮನೆಗೆಲಸ ಮುಗಿಸಿಕೊಂಡರೆ ಸುಲಭ.

ಹಾಲು ಕುಡಿಸುವ ತಾಯಿ ಕುಡಿಸುವ ಮೊದಲು ಮೊಲೆ ತೊಳೆದುಕೊಂಡು, ಆಮೇಲೆ ಮತ್ತೆ ಹಚ್ಚಿಕೊಳ್ಳಲಿ. ಕೂಸು ಕೈ ಬಾಯಿಗೆ ಹಾಕಿಕೊಳ್ಳದ ಹಾಗೆ ಕೈಗೆ ಸಾಕ್ಸ್ ತೊಡಿಸಿ.

ನಾಲ್ಕನೆಯದು ಎರಡನೇ ಸಲ. ಮೊದಲ ಸಲ ಕೆಲವು ಮೊಟ್ಟೆ ಉಳಿದುಕೊಂಡಿರಬಹುದು. ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಎರಡು ವಾರ ಬೇಕು. ಈ ನಡುವೆ, ಅಂದರೆ 7 ದಿನ ಬಿಟ್ಟು ಮತ್ತೊಮ್ಮೆ ಎಲ್ಲರೂ ಹಚ್ಚಿಕೊಂಡರೆ ಮರಿಗಳು ಸಿಕ್ಕಿಬೀಳುತ್ತವೆ. ಕೆರೆತ ಹೋಯಿತು ಅಂತ ಎರಡನೇ ಸಲ ಬಿಡಬೇಡಿ. ಹಾಗೆಯೇ ದಿನಾ ಹಚ್ಚುವುದೂ ತಪ್ಪು, ಚರ್ಮ ಒಣಗಿ ಉರಿದು ಅದೇ ಹೊಸ ಕೆರೆತ ಆಗುತ್ತದೆ.

ಇಲ್ಲಿ ಕೈಮುಗಿದು ಹೇಳುವ ಮಾತು ಒಂದಿದೆ. ಹತ್ತಿ, ತೊಗರಿಗೆ ಹೊಡೆಯುವ ಎಣ್ಣೆಯಲ್ಲಿ ಸೈಪರ್‌ಮೆಥ್ರಿನ್ ಅಂತ ಬರೆದಿರುತ್ತದೆ, ಹೆಸರು ಪರ್ಮೆಥ್ರಿನ್ ಹಾಗೇ ಕಾಣುತ್ತದೆ. ಅದನ್ನು ನೀರಿಗೆ ಬೆರೆಸಿಯೂ ಮೈಗೆ ಹಚ್ಚಬೇಡಿ, ಅದು ವಿಷ. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಔಷಧವನ್ನು ಮನುಷ್ಯರು ಕುಡಿಯಬಾರದು, ಹಚ್ಚಬಾರದು. ಸೀಮೆಎಣ್ಣೆ, ಫಿನಾಯಿಲ್ ಕೂಡ ಬೇಡ. ಮನುಷ್ಯರಿಗೆ ಐವರ್‌ಮೆಕ್ಟಿನ್ ಮಾತ್ರೆ ಇದೆ, ಆದರೆ ಅದನ್ನು ತೂಕ ನೋಡಿ ಡಾಕ್ಟರೇ ಕೊಡಬೇಕು. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೇವಿನ ನೀರಿನ ಸ್ನಾನ ಮಾಡುವುದಾದರೆ ಮಾಡಿ, ಆದರೆ ಕ್ರೀಮ್ ಬದಲಿಗೆ ಅದನ್ನೇ ನಂಬಿ ಕೂರಬೇಡಿ.

"ಹಚ್ಚಿದ್ದೂ ಸರಿ ಇತ್ತು, ಮಂದಿಯೂ ಸರಿ ಇದ್ದರು, ಆದರೂ ಬಂತು"

ಈಗ ಬಟ್ಟೆ, ಹಾಸಿಗೆ ನೋಡಬೇಕು. ಇದನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಎಷ್ಟೋ ಮನೆಯವರು ಮೂರು ದಿನ ಬಟ್ಟೆ ಒಗೆದು ಸುಸ್ತಾಗುತ್ತಾರೆ, ಮುತ್ಯಾನಿಗೆ ಮಾತ್ರ ಕ್ರೀಮ್ ಹಚ್ಚಿರುವುದಿಲ್ಲ. ಹುಳ ಹೆಚ್ಚಾಗಿ ಮೈಯಿಂದ ಮೈಗೇ ದಾಟುತ್ತದೆ. ಮೈ ಬಿಟ್ಟು ಹೊರಗೆ ಬಿದ್ದ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ.

ಹಾಗಾಗಿ ಟ್ರಂಕಿನಲ್ಲಿ ಮಡಚಿಟ್ಟ ಸೀರೆ, ವಾರದಿಂದ ಮುಟ್ಟದ ಶರ್ಟು ಏನೂ ಒಗೆಯಬೇಕಾಗಿಲ್ಲ. ಹಚ್ಚಿಕೊಂಡ ರಾತ್ರಿಯೂ ಸೇರಿ ಹಿಂದಿನ ಮೂರು ದಿನದಲ್ಲಿ ಉಟ್ಟ ಬಟ್ಟೆ, ಟವೆಲ್, ಚಾದರ, ದಿಂಬಿನ ಕವರ್ ಅಷ್ಟೇ ಸಾಕು. ನಳ ಮೂರ್ನಾಲ್ಕು ದಿನಕ್ಕೊಮ್ಮೆ ಬರುವ ಮನೆಯಲ್ಲಿ ಇದು ದೊಡ್ಡ ಉಳಿತಾಯ. ನೀರು ಬರುವ ದಿನದ ಹಿಂದಿನ ರಾತ್ರಿಯನ್ನೇ ಕ್ರೀಮ್ ಹಚ್ಚಲು ಇಟ್ಟುಕೊಳ್ಳಿ.

ನೀರು 50 ಡಿಗ್ರಿಗಿಂತ ಬಿಸಿ ಇರಬೇಕು, ಬಟ್ಟೆ ಅದರಲ್ಲಿ ಕನಿಷ್ಠ 10 ನಿಮಿಷ ಮುಳುಗಿರಬೇಕು. ಥರ್ಮಾಮೀಟರ್ ಇಲ್ಲದೆ ಹೇಗೆ? ಕುದಿಯುವ ನೀರು ಅರ್ಧ ಬಕೆಟ್, ನಳದ ನೀರು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬೆರೆಸಿದರೆ 60 ಡಿಗ್ರಿಯ ಮೇಲೆಯೇ ಇರುತ್ತದೆ, ಬಟ್ಟೆ ಹಾಕಿದ ಮೇಲೆ ಒಂದಿಷ್ಟು ಇಳಿದರೂ ಪರವಾಗಿಲ್ಲ. ಬಟ್ಟೆ ಜಾಸ್ತಿ ತುರುಕಬೇಡಿ, ನೀರು ಬೇಗ ಆರುತ್ತದೆ. ಮೇಲೊಂದು ತಟ್ಟೆ ಮುಚ್ಚಿ, ಕೋಲಿನಿಂದ ತಿರುವಿ. ಈ ನೀರು ಕೈ ಸುಡುತ್ತದೆ, ಮಕ್ಕಳು ಓಡಾಡುವ ಕಡೆ ಇಡಬೇಡಿ. ಪೂರ್ತಿ ಆರಿದ ಮೇಲೆ ಎಂದಿನಂತೆ ಒಗೆದು ಬಿಸಿಲಿಗೆ ಹಾಕಿ.

ಕೌದಿ ಮಾತ್ರ ಹೀಗೆ ಒಗೆಯೋಕೆ ಆಗಲ್ಲ, ಅಲ್ವಾ? ಅದನ್ನೂ, ಉಣ್ಣೆ ಶಾಲು, ರೇಷ್ಮೆ, ಹುಡುಗನ ಶಾಲೆ ಬ್ಯಾಗು ಇಂಥವನ್ನೂ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಗಟ್ಟಿ ಕಟ್ಟಿ ಇಡಿ. ಗೊಬ್ಬರದ ಚೀಲ, ಎಣ್ಣೆ ಡಬ್ಬಿ ತುಂಬಿ ಬಂದ ಚೀಲ ಬೇಡ. ಮೂರು ದಿನಕ್ಕೆ ಹುಳ ಸಾಯುತ್ತದೆ ಅಂತ ಲೆಕ್ಕ, ಆದರೆ ತಂಪಿನಲ್ಲಿ ಅದು ಸ್ವಲ್ಪ ಜಾಸ್ತಿ ದಿನ ತಾಳುತ್ತದೆ. ಅದಕ್ಕೇ ಬೀದರ್ ಕಡೆಯ ಚಳಿಗಾಲದಲ್ಲಾದರೆ ಒಂದು ವಾರ ಕಟ್ಟಿಡಿ. ಆಮೇಲೆ ಬಿಚ್ಚಿ, ಝಾಡಿಸಿ, ಬಿಸಿಲಿಗೆ ಹಾಕಿ ಬಳಸಬಹುದು. ಗಾದಿ ಕಟ್ಟಿಡಲು ಆಗುವುದಿಲ್ಲ, ಅದನ್ನು ಮೂರು ದಿನ ಬಳಸದೆ ಬಿಸಿಲಲ್ಲಿ ಒಣಗಿಸಿ. ಅಷ್ಟೂ ಆಗದಿದ್ದರೆ ಒಗೆದ ಚಾದರ ಹಾಸಿ ಮಲಗಿ. ಮನೆಗೆಲ್ಲ ಔಷಧ ಸಿಂಪಡಿಸುವುದು, ಗಾದಿ ಸುಡುವುದು ಬೇಕಿಲ್ಲ.

ಬೆಳಗ್ಗೆ ಕ್ರೀಮ್ ತೊಳೆದ ಮೇಲೆ ಎಲ್ಲರೂ ಒಗೆದ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ರಾತ್ರಿ ಉಟ್ಟಿದ್ದನ್ನೇ ಮತ್ತೆ ಉಡಬೇಡಿ.

"ಹೊಸ ಗುಳ್ಳೆ ಇಲ್ಲ, ಆದರೆ ಕೆರೆತ ನಿಂತಿಲ್ಲ"

ಇದು ಹೆಚ್ಚಿನ ಸಲ ದೋಷವೇ ಅಲ್ಲ. ಸತ್ತ ಹುಳ, ಮೊಟ್ಟೆಯ ಸಿಪ್ಪೆ ಚರ್ಮದೊಳಗೇ ಉಳಿದಿರುತ್ತವೆ, ಚರ್ಮ ಅವನ್ನು ಉದುರಿಸುವವರೆಗೆ ಕೆರೆತ ಇರುತ್ತದೆ. ಎರಡರಿಂದ ನಾಲ್ಕು ವಾರ ಹಿಡಿಯಬಹುದು. ವಾರ ವಾರಕ್ಕೆ ಕಡಿಮೆ ಆಗುತ್ತಿದ್ದರೆ ಸುಮ್ನೆ ಕಾಯಿರಿ, ಮೂರನೇ ಸಲ ಕ್ರೀಮ್ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಅಥವಾ ಕ್ಯಾಲಮೈನ್ ಹಚ್ಚಬಹುದು, ನಿದ್ದೆಗೆಡುತ್ತಿದ್ದರೆ ಕೆರೆತದ ಮಾತ್ರೆ ಡಾಕ್ಟರ್ ಕೊಡುತ್ತಾರೆ.

ಬಗಲು, ಗುಪ್ತಾಂಗದ ಮೇಲೆ ಕಂದು ಬಣ್ಣದ ಗಟ್ಟಿ ಗಂಟುಗಳು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಹುಳ ಸತ್ತಿದ್ದರೂ ಅವು ಇರುತ್ತವೆ, ಬೇರೆಯವರಿಗೆ ಅಂಟುವುದಿಲ್ಲ. ಆದರೆ ನಾಲ್ಕು ವಾರ ಕಳೆದರೂ ಕೆರೆತ ಇಳಿಯದಿದ್ದರೆ, ಅಥವಾ ಬೆರಳ ಸಂದಿಯಲ್ಲಿ ಹೊಸ ಗೆರೆ ಕಂಡರೆ ಡಾಕ್ಟರಿಗೆ ತೋರಿಸಿ.

ಇಲ್ಲಿ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ

ಗುಳ್ಳೆಯಲ್ಲಿ ಕೀವು ತುಂಬಿದರೆ, ಜೇನುಬಣ್ಣದ ಹಕ್ಕಳೆ ಕಟ್ಟಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದು ಕೆರೆದ ಗಾಯಕ್ಕೆ ಸೋಂಕು. ಇದಕ್ಕೆ ಬೇರೆ ಔಷಧವೂ ಬೇಕು. ಇಂಥ ಸೋಂಕಾದ ಮಗುವಿಗೆ ಮುಂದಿನ ಕೆಲವು ವಾರಗಳಲ್ಲಿ ಬೆಳಗ್ಗೆ ಮುಖ, ಕಣ್ಣು ಊದಿಕೊಂಡರೆ, ಮೂತ್ರ ಕಡಿಮೆಯಾದರೆ ಅಥವಾ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ತೊಂದರೆ ಆಗಿರಬಹುದು. ಅವತ್ತೇ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಎಚ್‌ಐವಿ ಇರುವವರಲ್ಲಿ ಕೈಕಾಲಿನ ಮೇಲೆ ದಪ್ಪ ಹಕ್ಕಳೆ ಕಟ್ಟಿ ಹೊಟ್ಟಿನಂತೆ ಉದುರಬಹುದು. ಅವರಿಗೆ ಕೆರೆತ ಕಡಿಮೆ ಇರುತ್ತದೆ, ಹುಳ ಮಾತ್ರ ಸಾವಿರಗಟ್ಟಲೆ. ಇದಕ್ಕೆ ಮನೆಯ ಕ್ರೀಮ್ ಸಾಲುವುದಿಲ್ಲ.

ಎರಡು ತಿಂಗಳೊಳಗಿನ ಕೂಸಿಗೆ ಪರ್ಮೆಥ್ರಿನ್ ನೀವಾಗಿ ಹಚ್ಚಬೇಡಿ, ಅವರಿಗೆ ಡಾಕ್ಟರ್ ಗಂಧಕದ ಮುಲಾಮು ಕೊಡಬಹುದು. ಎರಡು ವರ್ಷದೊಳಗಿನ ಮಕ್ಕಳನ್ನು, ಬಸುರಿಯರನ್ನು ಮೊದಲು ತೋರಿಸಿಯೇ ಹಚ್ಚಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

"ಮನೆಯಲ್ಲಿ ಹೋಯಿತು, ಹುಡುಗ ಹಾಸ್ಟೆಲ್‌ನಿಂದ ಬಂದಾಗೆಲ್ಲ ತರುತ್ತಾನೆ"

ಹಾಗಾದರೆ ಹುಳದ ಮನೆ ನಿಮ್ಮ ಮನೆ ಅಲ್ಲ, ಅವನ ಕೋಣೆ. ವಾರ್ಡನ್‌ಗೆ ನೇರವಾಗಿ ಹೇಳಿ, ಆ ಕೋಣೆಯ ಮಕ್ಕಳೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಏಳು ದಿನಕ್ಕೆ ಮತ್ತೊಮ್ಮೆ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿದರೆ ಎಲ್ಲಾ ಮಕ್ಕಳನ್ನೂ ಒಮ್ಮೆಗೇ ನೋಡುವ ಏರ್ಪಾಡು ಕೇಳಬಹುದು. ಒಂದು ಸಲ ಸರಿಯಾಗಿ ಹಚ್ಚಿ ತೊಳೆದ ಮರುದಿನವೇ ಮಗು ಶಾಲೆಗೆ ಹೋಗಬಹುದು, ಮನೆಯಲ್ಲಿ ಕೂರಿಸಬೇಕಾಗಿಲ್ಲ. ಅವನಿಗೆ ಅವನದೇ ಟವೆಲ್, ಅವನದೇ ಚಾದರ ಕೊಟ್ಟು ಕಳಿಸಿ, ಎರಡನೇ ಸಲ ಹಚ್ಚುವ ತಾರೀಕನ್ನು ಟ್ಯೂಬಿನ ಡಬ್ಬಿ ಮೇಲೆ ಪೆನ್ನಿನಿಂದ ಬರೆದು ಕೊಡಿ.